ಅಪ್‌ಡೇಟ್: ರೋಬೋ ಸಾಲು ತಪ್ಪುತ್ತಿದ್ದದ್ದು ಸರಿಹೋಯ್ತು

ನಾನು ಕೇಳಿದ್ದು: "ಸ್ಕ್ರೀನಲ್ಲಿ RTK Fixed ಅಂತಲೇ ಇದೆ, ಆದರೂ ಕಳೆ ತೆಗೆಯೋ ರೋಬೋ ನಿನ್ನೆಯ ಸಾಲಿಗಿಂತ ಒಂದು ಮೀಟರ್ ಪಕ್ಕಕ್ಕೆ ಹೋಗ್ತಿದೆ. ಯಾಕೆ?"

ಪಾಪ, ರೋಬೋದ್ದೇನೂ ತಪ್ಪಿಲ್ಲ. ಬೇಸ್‌ನಲ್ಲಿರೋ ಎಫ್9ಪಿ ಜಿಪಿಎಸ್ ರಿಸೀವರ್ ಸರ್ವೆ-ಇನ್ ಮೋಡ್‌ನಲ್ಲಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ತಾನಿರೋ ಜಾಗವನ್ನು ಹೊಸದಾಗಿ ಅಂದಾಜು ಮಾಡಿ, ಅದನ್ನೇ ರೋಬೋಗೆ 1005 ಸಂದೇಶದಲ್ಲಿ ಕಳಿಸುತ್ತಿತ್ತು. ಆ ಅಂದಾಜು ಜರುಗಿದಷ್ಟೂ ಇಡೀ ಹೊಲ ಜರುಗಿದ ಹಾಗೆ.

ಒಂದು ದಿನ ಪೂರ್ತಿ ಸರ್ವೆಗೆ ಬಿಟ್ಟು, ಬಂದ ನಿರ್ದೇಶಾಂಕವನ್ನೇ ತುಂಬಿ, `CFG-TMODE-MODE` ಅನ್ನು 2, ಅಂದ್ರೆ ಫಿಕ್ಸೆಡ್ ಮೋಡ್‌ಗೆ ಬದಲಾಯಿಸಿದೆ. ಮೊದಲ ಸಲ ಫ್ಲ್ಯಾಶ್‌ಗೆ ಸೇವ್ ಮಾಡೋದು ಮರೆತು ಮತ್ತೆ ಪೆಚ್ಚಾದೆ! ಹಳೇ ಸಾಲುಗಳನ್ನೂ ಹೊಸದಾಗಿ ಗುರುತಿಸಬೇಕಾಯ್ತು. ಆಮೇಲೆ ಬದುವಿನ ಗೂಟದ ಮೇಲೆ ರೋವರ್ ಇಟ್ಟು, ಬೇಸನ್ನು ಮೂರು ಸಲ ಆಫ್-ಆನ್ ಮಾಡಿದೆ. ವ್ಯತ್ಯಾಸ 2 ಸೆಂ.ಮೀ. ಒಳಗೇ ಇತ್ತು.