ಪೇಪರ್ ಟ್ರೇಡ್‌ನಲ್ಲಿ ಲಾಭ ಇದೆ, ನಿಜವಾದ ದುಡ್ಡು ಹಾಕುವ ಮುಂಚೆ ಏನನ್ನು ಹೋಲಿಸಬೇಕು?

ದಾವಣಗೆರೆ_ಬ್ರೇಕೌಟ್:
ಆರು ವಾರದಿಂದ ಎನ್‌ಎಸ್‌ಇಯ ಒಂದೇ ಷೇರಿನಲ್ಲಿ ಇಂಟ್ರಾಡೇ ಪೇಪರ್ ಟ್ರೇಡ್ ಮಾಡುತ್ತಿದ್ದೇನೆ. ಬೆಲೆ ಸುಮಾರು 500, ಪ್ರತಿಸಲ 200 ಷೇರು. ಮೊದಲ 15 ನಿಮಿಷದ ಹೈ ದಾಟಿದರೆ ಖರೀದಿ, ಆಮೇಲೆ ಟಾರ್ಗೆಟ್ ಅಥವಾ ಸ್ಟಾಪ್‌ಲಾಸ್. 24 ಟ್ರೇಡ್‌ಗಳಲ್ಲಿ 14 ಲಾಭ. ಸರಾಸರಿ ಟ್ರೇಡಿಗೆ 120 ರೂಪಾಯಿ ಉಳಿದಿದೆ. ಶುರು ಮಾಡಬಹುದಾ?

ಬುಲ್_ಬಸವ:
ಗುರು, 58 ಪರ್ಸೆಂಟ್ ಗೆಲುವು ಅಂದ್ರೆ ಚೆನ್ನಾಗಿದೆ. ಸುಮ್ನೆ ಒಂದೊಂದು ಷೇರು ನಿಜವಾಗಿ ತಗೊಂಡು ನೋಡು. ಅದೇ ರಿಸಲ್ಟ್ ಬಂದ್ರೆ 200ಕ್ಕೆ ಹೋಗು.

ಕಾಂಟ್ರಾಕ್ಟ್‌ನೋಟ್:
ಆ 120 ಖರ್ಚು ಕಳೆದ ಮೇಲಿನದಾ? ಬಹಳಷ್ಟು ಆ್ಯಪ್‌ಗಳು ಕಳೆಯುವುದಿಲ್ಲ. ಒಂದು ಲಕ್ಷಕ್ಕೆ ಕೊಂಡು ಅಷ್ಟಕ್ಕೇ ಮಾರಿದಿರಿ ಅಂದುಕೊಳ್ಳಿ. ಆರ್ಡರ್‌ಗೆ 20ರಂತೆ ಬ್ರೋಕರೇಜ್ 40, ಮಾರಾಟದ ಮೇಲೆ ಎಸ್‌ಟಿಟಿ 25, ಸ್ಟಾಂಪ್ ಡ್ಯೂಟಿ 3, ಎಕ್ಸ್‌ಚೇಂಜ್ ಶುಲ್ಕ ಸುಮಾರು 6, ಜಿಎಸ್‌ಟಿ 8. ಒಟ್ಟು 82. ಉಳಿದದ್ದು 38.

ಇನ್ನು ಬೆಲೆ. ಹೈ ದಾಟುವ ಹೊತ್ತಿಗೆ ನಿಮ್ಮಂಥವರ ಆರ್ಡರ್‌ಗಳೆಲ್ಲ ಒಟ್ಟಿಗೆ ಬೀಳುತ್ತವೆ. ಪೇಪರ್ ಆ್ಯಪ್ 500.00 ಅಂತ ಬರೆದುಕೊಂಡರೆ ನಿಮಗೆ ನಿಜವಾಗಿ 500.25ಕ್ಕೆ ಸಿಗಬಹುದು. ಈ 25 ಪೈಸೆಗೇ 50 ರೂಪಾಯಿ ಹೋಯಿತು. ಅಲ್ಲಿಗೆ 12 ರೂಪಾಯಿ ನಷ್ಟ. ಸ್ಟಾಪ್‌ಲಾಸ್ ಹೊಡೆದಾಗಿನ ಜಾರುವಿಕೆಯನ್ನು ಇನ್ನೂ ಲೆಕ್ಕ ಹಾಕಿಲ್ಲ.

ಥೀಟಾ_ತಿಪಟೂರು:
ನಂದು ಆಪ್ಷನ್ ಬೈಯಿಂಗ್. ಪೇಪರ್‌ನಲ್ಲಿ ದುಪ್ಪಟ್ಟಾಯ್ತು, ನಿಜದಲ್ಲಿ ಅರ್ಧ ಹೋಯ್ತು. ಪೇಪರ್ ಟ್ರೇಡಿಗೆ ಯಾವ ಆ್ಯಪ್ ಒಳ್ಳೇದು?

ಕಾಂಟ್ರಾಕ್ಟ್‌ನೋಟ್:
ತಿಪಟೂರು ಸರ್, ಅದಕ್ಕೆ ಬೇರೆ ಥ್ರೆಡ್ ತೆರೆಯಿರಿ. ಇಲ್ಲಿ ಆ್ಯಪ್ ಪ್ರಶ್ನೆ ಅಲ್ಲ.

ಬಸವ ಅವರು ಹೇಳಿದ್ದು ಅರ್ಧ ಸರಿ. ಸಣ್ಣ ಮೊತ್ತದಲ್ಲಿ ನಿಜವಾಗಿ ಮಾಡಿ, ಆದರೆ ಪೇಪರ್ ನಿಲ್ಲಿಸಬೇಡಿ. ಒಂದೇ ಸಿಗ್ನಲ್‌ಗೆ ಎರಡನ್ನೂ ನಡೆಸಿ, ಒಂದೇ ಸಾಲಿನಲ್ಲಿ ಬರೆಯಿರಿ: ಪೇಪರ್ ಕೊಟ್ಟ ಬೆಲೆ, ನಿಮಗೆ ಸಿಕ್ಕ ಬೆಲೆ, ವ್ಯತ್ಯಾಸ ಎಷ್ಟು ಪೈಸೆ. ಒಟ್ಟು ಲಾಭವನ್ನು ಹೋಲಿಸಿದರೆ ಏನೂ ಗೊತ್ತಾಗಲ್ಲ. ನಾಣ್ಯವನ್ನು 24 ಸಲ ಚಿಮ್ಮಿದರೂ, ಅಂಥ ನಾಲ್ಕು ಸುತ್ತಿನಲ್ಲಿ ಒಂದರಲ್ಲಿ 14 ಅಥವಾ ಜಾಸ್ತಿ ಹೆಡ್ಸ್ ಬೀಳುತ್ತದೆ.

ಟಾರ್ಗೆಟ್ ಲಿಮಿಟ್ ಆರ್ಡರಾ? ಹಾಗಿದ್ದರೆ ಹಳೆ ಟ್ರೇಡ್‌ಗಳ ಚಾರ್ಟ್ ತೆಗೆದು ನೋಡಿ. ಬೆಲೆ ಟಾರ್ಗೆಟ್ ಮುಟ್ಟಿ ಹಿಂದೆ ಬಂದದ್ದು ಎಷ್ಟು, ದಾಟಿ ಹೋದದ್ದು ಎಷ್ಟು? ಸುಮ್ನೆ ಮುಟ್ಟಿದ್ದನ್ನೂ ಆ್ಯಪ್ ಲಾಭಕ್ಕೆ ಸೇರಿಸಿರುತ್ತದೆ. ನಿಜದಲ್ಲಿ ಆ ಬೆಲೆಗೆ ನಿಮಗಿಂತ ಮುಂಚೆ ಆರ್ಡರ್ ಹಾಕಿದವರು ಕ್ಯೂನಲ್ಲಿರುತ್ತಾರೆ.

ದಾವಣಗೆರೆ_ಬ್ರೇಕೌಟ್:
ನೋಡಿದೆ ಮೇಡಂ. ಖರ್ಚು ಕಳೆದಿರಲಿಲ್ಲ. 14 ಗೆಲುವಿನಲ್ಲಿ 3 ಬರೀ ಮುಟ್ಟಿ ವಾಪಸ್ ಬಂದವು, ಆ ಮೂರೂ ದಿನ ಆಮೇಲೆ ಸ್ಟಾಪ್‌ಲಾಸ್‌ಗೆ ಇಳಿದಿದೆ. 10 ಷೇರಿನಿಂದ ಶುರು ಮಾಡುತ್ತೇನೆ.

ಬುಲ್_ಬಸವ:
10 ಷೇರು ಎಲ್ಲಾದರೂ ಸಿಗುತ್ತೆ. 200ಕ್ಕೆ ಎಷ್ಟು ಪೈಸೆ ಜಾರುತ್ತೆ ಅಂತ ಹೇಗೆ ಗೊತ್ತಾಗುತ್ತೆ?

ಕಾಂಟ್ರಾಕ್ಟ್‌ನೋಟ್:
ಅದು ಪೂರ್ತಿ ಗೊತ್ತಾಗಲ್ಲ. ಸಿಗ್ನಲ್ ಬಂದಾಗ ಮಾರ್ಕೆಟ್ ಡೆಪ್ತ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಮೊದಲ ಎರಡು ಸಾಲಿನಲ್ಲಿ 200ಕ್ಕಿಂತ ಜಾಸ್ತಿ ಮಾರಾಟಕ್ಕಿದೆಯಾ ಅಂತ ಕಾಣುತ್ತದೆ. ಆದರೆ ಆ ಕ್ಷಣದಲ್ಲಿ ಅವು ಮಾಯವಾಗುವುದೂ ಉಂಟು.