ಮದುವೆಯಾದ ಮಗಳಿಗೆ ಅನುಕಂಪದ ನೌಕರಿ ಸಿಗುತ್ತಾ?

ಪ್ರಶ್ನೆ (ಹಾಸನದ ಸದಸ್ಯೆ): ಅಪ್ಪ ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ ಆಗಿದ್ದರು. ಏಳು ತಿಂಗಳ ಹಿಂದೆ ಸರ್ವಿಸ್‌ನಲ್ಲಿದ್ದಾಗಲೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ಅಮ್ಮನಿಗೆ ಓದುಬರಹ ಬರಲ್ಲ. ಅಣ್ಣ ಪುಣೆಯಲ್ಲಿ ಖಾಸಗಿ ಕೆಲಸದಲ್ಲಿದ್ದಾನೆ, ಬೇರೆ ಸಂಸಾರ. ನನಗೆ ಮದುವೆಯಾಗಿದೆ, ಆದರೆ ಐದು ವರ್ಷದಿಂದ ಗಂಡನ ಜೊತೆ ಅಪ್ಪನ ಮನೆಯಲ್ಲೇ ಇದ್ದೇನೆ. ಗಂಡ ಬಾಡಿಗೆ ಆಟೋ ಓಡಿಸ್ತಾರೆ. ನಾನು ಬಿ.ಕಾಂ. ನನಗೆ ಕೆಲಸ ಕೇಳಬಹುದಾ? ಪೆನ್ಷನ್ ಪೇಪರ್ ಎಲ್ಲ ಮುಗೀಲಿ, ಆಮೇಲೆ ಅರ್ಜಿ ಹಾಕಿ ಅಂತ ಆಫೀಸಿನವರು ಹೇಳ್ತಿದ್ದಾರೆ.

ಒಬ್ಬ ಸದಸ್ಯರು: ಮದುವೆಯಾದ ಮಗಳಿಗೆ ಇಲ್ಲ ಮೇಡಂ. ನಿಯಮದಲ್ಲೇ "ಅವಿವಾಹಿತ ಮಗಳು" ಅಂತ ಇದೆ. ನಮ್ಮ ಅತ್ತಿಗೆಗೆ ಹಾಗೇ ವಾಪಸ್ ಕಳಿಸಿದರು.

ನಿವೃತ್ತ ಅಧೀಕ್ಷಕರು (ಸಿಬ್ಬಂದಿ ಶಾಖೆಯಲ್ಲಿದ್ದವರು): ಮೇಲಿನವರು ಹೇಳಿದ್ದು ಒಂದು ಕಾಲಕ್ಕೆ ಸರಿ. 1996ರ ನಿಯಮಗಳಲ್ಲಿ ಆ ಪದ ಇತ್ತು. 2020ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಮಗನಿಗೆ ಮದುವೆಯಾದರೂ ಅವನು ಮಗನೇ ಆಗಿರುವಾಗ ಮಗಳಿಗೆ ಮಾತ್ರ ಬೇರೆ ಅಳತೆ ಯಾಕೆ ಅನ್ನುವುದು ಅಲ್ಲಿನ ತರ್ಕ. ಹಾಗಾಗಿ ಮದುವೆಯೊಂದೇ ಕಾರಣಕ್ಕೆ ನಿಮ್ಮ ಅರ್ಜಿಯನ್ನು ಬದಿಗಿಡುವಂತಿಲ್ಲ.

ಆದರೆ ಉಳಿದ ಷರತ್ತು ಹಾಗೇ ಇದೆ. ಅಪ್ಪ ತೀರಿಕೊಂಡ ದಿನ ನೀವು ಅವರ ಆಸರೆಯಲ್ಲಿ, ಅವರ ಜೊತೆಯಲ್ಲಿ ಇದ್ದಿರಿ ಅನ್ನುವುದನ್ನು ತೋರಿಸಬೇಕು. ಅಪ್ಪ ಇದ್ದಾಗಿನ ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರಿದೆಯಾ, ಆಧಾರ್ ಮತ್ತು ವೋಟರ್ ಐಡಿ ವಿಳಾಸ ಯಾವುದು, ನೋಡಿಕೊಳ್ಳಿ. ಈಗ ಹೊಸದಾಗಿ ವಿಳಾಸ ಬದಲಿಸಿದರೆ ತಾರೀಖೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಮಂಡ್ಯದ ಒಂದು ಪ್ರಕರಣ ನೆನಪಿಗೆ ಬರುತ್ತದೆ. ತಾಯಿ ಜಿಲ್ಲಾ ಖಜಾನೆಯಲ್ಲಿ ಎಸ್‌ಡಿಎ, 2012ರ ಮಾರ್ಚಿನಲ್ಲಿ ತೀರಿಕೊಂಡರು. ಮಗಳು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದು ಅದಾದ ಮೇಲೆ, ಡಿಕ್ರಿ ಬಂದದ್ದು 2013ರಲ್ಲಿ. ಹೈಕೋರ್ಟ್ ಅವರ ಪರವಾಗಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಸಾವಿನ ದಿನ ಆಕೆ ಅವಲಂಬಿತೆ ಆಗಿರಲಿಲ್ಲ ಅಂತ. ನಂತರ ಮಾಡಿಸಿದ ಕಾಗದ ನಂತರದ್ದೇ.

ಇನ್ನು ಪೆನ್ಷನ್ ಮುಗೀಲಿ ಅಂದವರ ಮಾತು ದಯವಿಟ್ಟು ಕೇಳಬೇಡಿ. ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ನಿಮಗೆ ಉಳಿದಿರುವುದು ಐದು ತಿಂಗಳು. ಬಾಯಿಮಾತಿನ ಭರವಸೆಗೆ ಆವಕ ಸಂಖ್ಯೆ ಇರುವುದಿಲ್ಲ. ಕಾಗದ ಒಂದೆರಡು ಕಡಿಮೆಯಿದ್ದರೂ ಕಚೇರಿ ಮುಖ್ಯಸ್ಥರ ಹೆಸರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಆದಾಯದ ಪತ್ರ, ಅಂಕಪಟ್ಟಿ ಇಷ್ಟು ಮೊದಲು ಹೊಂದಿಸಿ.

ಮೊದಲ ಹಕ್ಕು ಅಮ್ಮನದು. ನನಗೆ ಬೇಡ, ಮಗಳಿಗೆ ಕೊಡಿ ಅಂತ ಅವರ ಪ್ರಮಾಣಪತ್ರ ಬೇಕು. ಅಣ್ಣನ ನಿರಾಕ್ಷೇಪಣೆಯನ್ನೂ ನೋಟರಿ ಮುಂದೆ ಮಾಡಿಸಿ. ಅಣ್ಣ-ತಂಗಿ ಮಾತು ಬಿಟ್ಟ ಮೇಲೆ ಆ ಒಂದು ಸಹಿಗಾಗಿ ಕಡತ ವರ್ಷಗಟ್ಟಲೆ ಕೊಳೆತದ್ದನ್ನು ನೋಡಿದ್ದೇನೆ.

ಇನ್ನೊಬ್ಬ ಸದಸ್ಯ: ಸರ್, ನಮ್ಮ ತಂದೆ ರಿಟೈರ್ ಆಗಿ ಮೂರು ತಿಂಗಳಿಗೆ ಹೋದರು. ನಾನೂ ಹಾಕಬಹುದಾ?

ನಿವೃತ್ತ ಅಧೀಕ್ಷಕರು: ಇಲ್ಲಪ್ಪ. ಸೇವೆಯಲ್ಲಿದ್ದಾಗಲೇ ಹೋಗಿರಬೇಕು. ಅಮ್ಮನ ಕುಟುಂಬ ಪಿಂಚಣಿ ಸರಿಯಾಗಿ ಬರುತ್ತಿದೆಯಾ ನೋಡಿ.

ಮತ್ತೊಬ್ಬರು: ನನ್ನ ತಂದೆ ಹೋದಾಗ ನನಗೆ ಒಂಬತ್ತು ವರ್ಷ. ದೊಡ್ಡವನಾದ ಮೇಲೆ ಹಾಕು ಅಂತ ಎಲ್ಲರೂ ಹೇಳಿದ್ದರು. ಈಗ 22.

ನಿವೃತ್ತ ಅಧೀಕ್ಷಕರು: ಹಾಗೆ ಹೇಳಿದವರೇ ನಿಮ್ಮನ್ನು ಕೆಡಿಸಿದರು. ಮಗು ಬೆಳೆಯುವವರೆಗೆ ಸರ್ಕಾರ ಹುದ್ದೆಯನ್ನು ಕಾದಿರಿಸುವುದಿಲ್ಲ. ಆವತ್ತು ಅಮ್ಮನೇ ಅರ್ಜಿ ಹಾಕಬೇಕಿತ್ತು. ಅಪ್ಪನ ಕುರ್ಚಿ ಮಗನಿಗೆ ಬರುವ ಆಸ್ತಿಯಲ್ಲ, ಸಂಬಳ ನಿಂತ ಮನೆ ತಕ್ಷಣಕ್ಕೆ ಬೀಳದಿರಲಿ ಅಂತ ಇಟ್ಟ ಊರುಗೋಲು. 1994ರಿಂದ ಸುಪ್ರೀಂ ಕೋರ್ಟ್ ಇದನ್ನೇ ಹೇಳುತ್ತಾ ಬಂದಿದೆ. ಹದಿಮೂರು ವರ್ಷ ಹೇಗೋ ನಡೆದ ಮನೆಗೆ ಈಗ ತುರ್ತು ಇದೆ ಅಂತ ಒಪ್ಪಿಸುವುದು ಬಹಳ ಕಷ್ಟ.

ಪ್ರಶ್ನೆ ಕೇಳಿದವರು: ತುಂಬ ಥ್ಯಾಂಕ್ಸ್ ಸರ್. ರೇಷನ್ ಕಾರ್ಡಲ್ಲಿ ನನ್ನ ಹೆಸರಿದೆ, ಗಂಡನದು ಅವರ ಊರಲ್ಲೇ ಇದೆ. ಅವರ ಆಟೋ ದುಡಿಮೆ ಲೆಕ್ಕಕ್ಕೆ ತಗೋತಾರಾ? ಅಪ್ಪನದೇ ಎಫ್‌ಡಿಎ ಪೋಸ್ಟ್ ಕೊಡ್ತಾರಾ?

ನಿವೃತ್ತ ಅಧೀಕ್ಷಕರು: ಅಪ್ಪನದೇ ಹುದ್ದೆ ಅಂತಿಲ್ಲ. ಸಿ ಅಥವಾ ಡಿ ಗುಂಪಿನಲ್ಲಿ, ಓದಿಗೆ ತಕ್ಕ ಹಾಗೆ, ಖಾಲಿ ಇದ್ದಲ್ಲಿ. ಗಂಡನ ದುಡಿಮೆಯದೇ ನಿಮ್ಮ ಕಡತದ ತೊಡಕು. ಗಂಡ ದುಡಿಯುತ್ತಿರುವಾಗ ಅಪ್ಪನ ಅವಲಂಬಿತೆ ಹೇಗೆ ಅಂತ ಟಿಪ್ಪಣಿ ಬಂದೇ ಬರುತ್ತದೆ. ಆಟೋ ಬಾಡಿಗೆಯದು, ಮನೆಖರ್ಚು ಅಪ್ಪನ ಸಂಬಳದಲ್ಲೇ ನಡೆಯುತ್ತಿತ್ತು ಅಂತ ಅರ್ಜಿಯಲ್ಲೇ ಬರೆಯಿರಿ, ಮುಚ್ಚಿಡಬೇಡಿ.

ವಕೀಲೆ, ಬೆಂಗಳೂರು: ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಿರಸ್ಕರಿಸಿದರೆ ಕಾರಣ ಸಹಿತ ಲಿಖಿತ ಆದೇಶ ಕೇಳಿ ಪಡೆಯಿರಿ. ಅದನ್ನು ಪ್ರಶ್ನಿಸಬೇಕಾದದ್ದು ಮೊದಲು ಕೆಎಟಿಯಲ್ಲಿ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯಲ್ಲಿ, ನೇರ ಹೈಕೋರ್ಟಿನಲ್ಲಲ್ಲ. ಗಂಡನ ಆದಾಯದ ವಿಷಯದಲ್ಲಿ ನನಗೆ ಸರ್‌ನಷ್ಟು ಅಳುಕಿಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಿರುವುದು ಇವರೇ ತಾನೆ?

ನಿವೃತ್ತ ಅಧೀಕ್ಷಕರು: ನೀವು ಕೋರ್ಟಿನಲ್ಲಿ ನಿಂತು ನೋಡುತ್ತೀರಿ, ನಾನು ಟಿಪ್ಪಣಿ ಬರೆಯುವ ಗುಮಾಸ್ತನ ಕುರ್ಚಿಯಿಂದ ನೋಡುತ್ತೇನೆ. ಆಯಮ್ಮ ಮೊದಲು ದಾಟಬೇಕಾದದ್ದು ಅವನನ್ನೇ.

ಪ್ರಶ್ನೆ ಕೇಳಿದವರು: ಸೋಮವಾರ ಅರ್ಜಿ ಕೊಡ್ತೀನಿ. ಅಣ್ಣನಿಗೆ ಇವತ್ತೇ ಫೋನ್ ಮಾಡ್ತೀನಿ.