ಕೈಯಲ್ಲಿರುವ ಹಣ ಸಣ್ಣದು: ಸರ್ಚ್ ಜಾಹೀರಾತೋ, ಸಾಮಾಜಿಕ ಜಾಲತಾಣದ ಜಾಹೀರಾತೋ?

ಪ್ರಶ್ನೆ (ವಾಷಿಂಗ್ ಮಷಿನ್ ರಿಪೇರಿ ಮಾಡುವವರು): ತಿಂಗಳಿಗೆ ನಾನು ಜಾಹೀರಾತಿಗೆ ಇಡಬಲ್ಲ ಹಣ ತೀರಾ ಕಡಿಮೆ. ಅರ್ಧವನ್ನು ಗೂಗಲ್ ಸರ್ಚ್‌ಗೆ, ಅರ್ಧವನ್ನು ಫೇಸ್‌ಬುಕ್‌ಗೆ ಹಾಕಿದೆ. ಫೇಸ್‌ಬುಕ್‌ನಲ್ಲಿ 400 ಲೈಕ್ ಬಂದವು. ಸರ್ಚ್‌ನಲ್ಲಿ 40 ಕ್ಲಿಕ್ ಆದರೂ ಒಂದು ಕರೆಯೂ ಬರಲಿಲ್ಲ. ಸರ್ಚ್ ನಿಲ್ಲಿಸಲೇ? Search terms ಪಟ್ಟಿಯ ಚಿತ್ರ ಹಾಕಿದ್ದೇನೆ.

ಸಲಹೆಗಾರರು: ಸರ್ಚ್ ನಿಲ್ಲಿಸಬೇಡಿ, ಫೇಸ್‌ಬುಕ್ ಭಾಗವನ್ನು ನಿಲ್ಲಿಸಿ. ನೀವು ಹಾಕಿದ ಪಟ್ಟಿಯನ್ನು ಸಾಲು ಸಾಲಾಗಿ ಓದಿ ನನಗೆ ಕಳವಳವಾಯಿತು. 40 ಕ್ಲಿಕ್‌ಗಳಲ್ಲಿ 28ಕ್ಕೆ ಮಾತ್ರ ಜನ ಟೈಪ್ ಮಾಡಿದ ಪದಗಳು ಕಾಣುತ್ತವೆ. ಉಳಿದವನ್ನು ಗೂಗಲ್ ತೋರಿಸುವುದಿಲ್ಲ. ಆ 28ರಲ್ಲಿ 12 ಮಂದಿ ಯಂತ್ರವನ್ನು ತಾವೇ ಸರಿಪಡಿಸಿಕೊಳ್ಳಲು ವಿಡಿಯೊ ಹುಡುಕಿದವರು, 6 ಮಂದಿ ಬಿಡಿಭಾಗದ ಬೆಲೆ ನೋಡಿದವರು, 4 ಮಂದಿ ರಿಪೇರಿ ತರಬೇತಿ ಬೇಕಾದವರು. ರಿಪೇರಿಯವರನ್ನು ಕರೆಸಬೇಕೆಂದು ಹುಡುಕಿದವರು 6 ಮಂದಿ ಮಾತ್ರ. ಕಾಣದ 12ರಲ್ಲೂ ಇದೇ ಪ್ರಮಾಣವಿದೆಯೆಂದುಕೊಂಡರೂ ನಿಮಗೆ ಬೇಕಾದವರು ಒಟ್ಟು ಸುಮಾರು 9 ಮಂದಿಯಾದರು. ಹತ್ತು ಮಂದಿಯಲ್ಲಿ ಒಬ್ಬರು ಕರೆ ಮಾಡುತ್ತಾರೆಂದು ಲೆಕ್ಕ ಹಿಡಿದರೆ, 9 ಕ್ಲಿಕ್‌ಗೆ ಒಂದೂ ಕರೆ ಬಾರದೆ ಹೋಗುವುದು ಐದರಲ್ಲಿ ಎರಡು ಸಲ ಆಗಿಯೇ ಆಗುತ್ತದೆ. ಆದ್ದರಿಂದ ಸರ್ಚ್ ಸೋತಿತೆಂದು ಈ ತಿಂಗಳ ಅನುಭವದಿಂದ ಹೇಳಲು ಬರುವುದಿಲ್ಲ. ಹಣ ಸೋರಿತೆಂದು ಮಾತ್ರ ಹೇಳಬಹುದು.

ಸೋರಿದ್ದು Broad match ಇಂದ. ನೀವು ಬೇರೇನನ್ನೂ ಆರಿಸದಿದ್ದರೆ ಅದೇ ಜಾರಿಯಲ್ಲಿರುತ್ತದೆ, ಮತ್ತು ರಿಪೇರಿಗೆ ಹತ್ತಿರವೆಂದು ತೋರಿದ ಯಾವ ಹುಡುಕಾಟಕ್ಕೂ ನಿಮ್ಮ ಜಾಹೀರಾತನ್ನು ತೋರಿಸುತ್ತದೆ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ, "ವಾಷಿಂಗ್ ಮಷಿನ್ ರಿಪೇರಿ" ಎಂದು ಕೊಟ್ಟು, ಆ ಅರ್ಥವಿರುವ ಹುಡುಕಾಟಕ್ಕೆ ಮಾತ್ರ ತೋರಿಸುವ Phrase match ಮಾಡಿಕೊಳ್ಳಿ. ಬಳಿಕ ವಿಡಿಯೊ, ಹೇಗೆ, ತರಬೇತಿ, ಬಿಡಿಭಾಗ ಎಂಬವನ್ನು Negative keywords ಪಟ್ಟಿಗೆ ಸೇರಿಸಿ. ಈ ಪಟ್ಟಿ ಸಮಾನಾರ್ಥಕ ಪದಗಳನ್ನು ತಾನಾಗಿ ತಡೆಯುವುದಿಲ್ಲ. ತರಬೇತಿ ಎಂದು ಹಾಕಿದರೆ ಕೋರ್ಸ್ ಎಂದು ಹುಡುಕಿದವರು ಬಂದೇ ಬರುತ್ತಾರೆ. ಜನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ರೂಪಗಳನ್ನೂ ಒಂದೊಂದಾಗಿ ಸೇರಿಸಬೇಕು. ಪ್ರದೇಶದ ಆಯ್ಕೆಯಲ್ಲಿ Presence ಮಾತ್ರ ಇರಲಿ. ಇಲ್ಲವಾದರೆ ನಿಮ್ಮ ಊರಿನಲ್ಲಿಲ್ಲದೆ ಅದರ ಬಗ್ಗೆ ಆಸಕ್ತಿ ತೋರಿದವರಿಗೂ ಹಣ ಹೋಗುತ್ತದೆ.

ಸದಸ್ಯರು (ಸಾಮಾಜಿಕ ಜಾಲತಾಣ ನಿರ್ವಹಿಸುವವರು): ಕ್ಷಮಿಸಿ, ಒಪ್ಪುವುದಿಲ್ಲ. ಫೇಸ್‌ಬುಕ್‌ನಲ್ಲಿ ಒಂದು ಕ್ಲಿಕ್ ಎಷ್ಟೋ ಅಗ್ಗ. ಅದೇ ಹಣಕ್ಕೆ ನಾಲ್ಕು ಪಟ್ಟು ಜನ ನೋಡುತ್ತಾರೆ.

ಸಲಹೆಗಾರರು: ಅಗ್ಗವೆಂಬುದು ಅನೇಕ ಸಲ ನಿಜ. ಆದರೆ ನೋಡಿದವರ ಮನೆಯ ಯಂತ್ರ ಇವತ್ತು ಕೆಟ್ಟಿರಬೇಕಲ್ಲ? ಕೆಟ್ಟ ದಿನ ಅವರು ಹುಡುಕುತ್ತಾರೆ. ಮೂರು ವಾರದ ಹಿಂದೆ ಒತ್ತಿದ ಲೈಕ್ ಆಗ ನೆನಪಿಗೆ ಬರುವುದು ಅಪರೂಪ.

ಸದಸ್ಯರು (ಕರಕುಶಲ ವಸ್ತು ಮಾಡುವವರು): ನಾನು ಮಾಡುವ ವಸ್ತುವಿಗೆ ಜನರ ಬಾಯಲ್ಲಿ ಹೆಸರೇ ಇಲ್ಲ. ಹಾಗಾದರೆ ನಾನೂ ಸರ್ಚ್‌ಗೇ ಹೋಗಬೇಕೆ?

ಸಲಹೆಗಾರರು: ಬೇಡ. ಹೆಸರಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ. ನಿಮಗೆ ಚಿತ್ರ, ವಿಡಿಯೊ ತೋರಿಸುವ ಜಾಗವೇ ಸರಿ. ಆದರೆ ಲೈಕ್‌ಗಾಗಿ ಬೂಸ್ಟ್ ಮಾಡದೆ, ಸಂದೇಶ ಬರುವ ಗುರಿಯನ್ನು ಆರಿಸಿ. ಲೈಕ್ ಕೇಳಿದರೆ ಲೈಕ್ ಒತ್ತುವ ಅಭ್ಯಾಸವಿರುವವರಿಗೇ ತೋರಿಸುತ್ತಾರೆ.

ಸದಸ್ಯರು (ಜಾಲತಾಣ ನಿರ್ವಹಿಸುವವರು): ಅಂದರೆ ನಾನು ಹೇಳಿದ್ದೇ ಸರಿಯಾಯಿತು.

ಸದಸ್ಯರು (ಕರಕುಶಲ): ನೀವು ಹೇಳಿದ್ದು ರಿಪೇರಿಯವರಿಗೆ. ಇದು ನನ್ನ ವಿಷಯ. ಎರಡನ್ನೂ ಬೆರೆಸಬೇಡಿ.

ಸದಸ್ಯರು: ನನಗೊಂದು ಸಂದೇಶ ಬಂದಿತ್ತು: ಪರಿಚಯದವರೆಲ್ಲ ದಿನವೂ ನಮ್ಮ ಜಾಹೀರಾತನ್ನು ಹುಡುಕಿ ಒತ್ತಿದರೆ ಅದು ಮೇಲೆ ಬರುತ್ತದಂತೆ.

ಸಲಹೆಗಾರರು: ದಯವಿಟ್ಟು ಇಂಥದ್ದನ್ನು ಹಂಚಬೇಡಿ. ಒತ್ತಿದ ಪ್ರತಿಯೊಂದಕ್ಕೂ ನಿಮ್ಮದೇ ಹಣ ಕರಗಬಹುದು. ಒತ್ತದೆ ಸುಮ್ಮನೆ ಹುಡುಕುತ್ತಿದ್ದರೂ ನೋಡಿದವರು ಹೆಚ್ಚಿ ಒತ್ತಿದವರು ಕಡಿಮೆಯಾಗಿ ಜಾಹೀರಾತಿನ ಅಂಕ ಕುಸಿಯಬಹುದು. ಕಾಣುತ್ತದೆಯೇ ಎಂದು ತಿಳಿಯಲು Ad preview and diagnosis ಇದೆ.

ಸದಸ್ಯರು: ಎರಡಕ್ಕೂ ಅರ್ಧರ್ಧ ಹಾಕಿದರೆ ಕ್ಷೇಮವಲ್ಲವೇ?

ಸಲಹೆಗಾರರು: ಅಲ್ಲ. ಮೇಲೆ ಓದಿ.

ಪ್ರಶ್ನೆ ಕೇಳಿದವರು: ಬದಲಾವಣೆ ಮಾಡಿದೆ. ಮೂರು ದಿನದಲ್ಲಿ 7 ಕ್ಲಿಕ್, ಒಂದು ಕರೆ. ನಿನ್ನೆ ದಿನದ ಮಿತಿಗಿಂತ ಹೆಚ್ಚು ಹಣ ಹೋಗಿದೆ, ಅದೇಕೆ?

ಸಲಹೆಗಾರರು: ಒಂದು ದಿನ ಮಿತಿಯ ಎರಡು ಪಟ್ಟಿನವರೆಗೂ ಹೋಗಬಹುದು, ಮಿತಿಯನ್ನು ನಡುವೆ ಬದಲಿಸದಿದ್ದರೆ ತಿಂಗಳಲ್ಲಿ ಅದರ 30.4 ಪಟ್ಟು ಮೀರುವುದಿಲ್ಲ. ಇನ್ನು 30 ಸರಿಯಾದ ಕ್ಲಿಕ್ ಆಗುವವರೆಗೆ Search terms ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಬೇರೇನೂ ಮುಟ್ಟಬೇಡಿ.

ಸದಸ್ಯರು (ಜಾಲತಾಣ ನಿರ್ವಹಿಸುವವರು): ಒಂದು ಕರೆಯಿಂದ ಏನು ಸಾಬೀತಾಯಿತು?

ಸಲಹೆಗಾರರು: ಏನೂ ಇಲ್ಲ. ಅದಕ್ಕೇ 30 ಎಂದೆ.

ಸದಸ್ಯರು: ವೆಬ್‌ಸೈಟ್ ಇಲ್ಲದೆ ಕರೆಯ ಜಾಹೀರಾತು ಮಾತ್ರ ಕೊಡಬಹುದೇ? ಎರಡನೆಯ ಸಲ ಕೇಳುತ್ತಿದ್ದೇನೆ.